“ಹ್ಞೂಂ” ಅಂದ್ರೆ ಅರ್ಥ ಆಗಲ್ವಾ?

ಹೋದ ಸಂಚಿಕೆಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: “ಚಾಟ್ ಫಿಲ್ಟರ್ ಸಣ್ಣ ಮೆಸೇಜನ್ನ ಅರ್ಥವಿಲ್ಲದ ಗೀಚಾಟ ಅಂತ ತಪ್ಪಾಗಿ ಹಿಡೀತಿದ್ರೆ ಥ್ರೆಶೋಲ್ಡನ್ನ 0.9ರಿಂದ 0.99ಕ್ಕೆ ಏರಿಸಿ, ಮುಗೀತು.” ಮುಗೀತಂತೆ! ಥ್ರೆಶೋಲ್ಡ್ ಅಂದ್ರೆ, ಗೀಚಾಟ ಅನ್ನೋ ಖಾತ್ರಿ ಇಷ್ಟು ದಾಟಿದ್ರೆ ತಡಿ ಅನ್ನೋ ಗೆರೆ. ಸ್ವಾಮಿ, ಗೆರೆ ಎಲ್ಲಿ ಎಳೀಬೇಕು ಅನ್ನೋದಲ್ಲ ಇಲ್ಲಿ ತಕರಾರು. ಎರಡಕ್ಷರದ ಮಾತಿಗೂ ಇಪ್ಪತ್ತು ಪದದ ವಾಕ್ಯಕ್ಕೂ ಒಂದೇ ಗೆರೆ ಎಳೆದಿರೋದು ತಕರಾರು.

“ಹ್ಞೂಂ” ತಗೊಳ್ಳಿ. ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಲ್ಲಿ ಹ, ಹಲಂತ ಚಿಹ್ನೆ, ಞ, ಊಕಾರ, ಸೊನ್ನೆ, ಹೀಗೆ ಐದು ಸಂಕೇತ. ಆದಿ ಅಂತ್ಯಕ್ಕೆ ಒಂದೊಂದು ಗುರುತು ಸೇರಿಸಿ ಮೂರು ಮೂರಾಗಿ ಕತ್ತರಿಸಿದ್ರೆ ಐದು ತುಣುಕು. ಪ್ರತಿ ತುಣುಕಿಗೂ ಮಾಡೆಲ್ ಒಂದು ಲಾಗ್ ಅಂಕ ಕೊಡುತ್ತೆ: ಸೊನ್ನೆಗೆ ಹತ್ತಿರ ಇದ್ದಷ್ಟೂ ಪರಿಚಿತ. ಅಚ್ಚಾದ ಬರಹ ಓದಿ ಕಲಿತ ಮಾಡೆಲ್‌ಗೆ ಹಕಾರಕ್ಕೆ ಞ ಒತ್ತು ಕಾಣೋದೇ ಅಪರೂಪ. ಲೆಕ್ಕಕ್ಕೆ ಹೇಳೋದಾದ್ರೆ, ಮೂರು ತುಣುಕಿಗೆ ತಲಾ −9, ಉಳಿದೆರಡಕ್ಕೆ −3. ಒಟ್ಟು −33, ಸರಾಸರಿ −6.6. ಗೆರೆ −5ರಲ್ಲಿದ್ದು ಅದಕ್ಕಿಂತ ಕೆಳಗಿದ್ದದ್ದೆಲ್ಲ ಗೀಚಾಟ ಅಂದ್ರೆ, “ಹ್ಞೂಂ” ಹೊರಗೆ!

ಅದೇ “ಹ್ಞೂಂ” ಆದ್ಮೇಲೆ ಇನ್ನೂ 45 ಮಾಮೂಲಿ ತುಣುಕು ಬರಲಿ, ತಲಾ −3. ಒಟ್ಟು −168, ಐವತ್ತರಿಂದ ಭಾಗಿಸಿ: −3.36. ಒಳಗೆ ಬಂತು. ಪದ ಅದೇ, ಅಪರೂಪದ ತುಣುಕುಗಳೂ ಅವೇ. ಬದಲಾಗಿದ್ದು ಭಾಗಿಸೋ ಸಂಖ್ಯೆ ಮಾತ್ರ. ಉದ್ದದ ಮಾತಲ್ಲಿ ಒಂದು ಎಡವಟ್ಟು ಸರಾಸರಿಯಲ್ಲಿ ಕರಗಿ ಹೋಗುತ್ತೆ, ಚಿಕ್ಕದರಲ್ಲಿ ಅದೇ ಇಡೀ ತೀರ್ಪು.

ನಡುವೆ ಒಂದು ಮಾತು, ಸಬ್‌ಸ್ಕ್ರೈಬ್ ಒತ್ತಿ. ಗಂಟೆನೂ ಒತ್ತಿ.

“ನಮ್ಮದು ನ್ಯೂರಲ್ ಮಾಡೆಲ್, ಸರಾಸರಿ ಗಿರಾಸರಿ ಇಲ್ಲ” ಅಂತೀರಾ? ಸಂತೋಷ. ತರಬೇತಿಗೆ ಕೊಟ್ಟ ಒಳ್ಳೆ ಉದಾಹರಣೆಗಳೆಲ್ಲ ಉದ್ದುದ್ದ ವಾಕ್ಯ, ಗೀಚಾಟದ ಉದಾಹರಣೆಗಳೆಲ್ಲ ಗಿಡ್ಡ. ಹಾಗಿದ್ರೆ ಅದು ಕಲಿತದ್ದು ಅರ್ಥವನ್ನಲ್ಲ, ಅಳತೆಯನ್ನ! “ಹ್ಞೂಂ” ನೋಡಿ 0.995 ಖಾತ್ರಿಯಿಂದ ತಪ್ಪು ಹೇಳುತ್ತೆ. ಈಗ ಏರಿಸಿ ನಿಮ್ಮ 0.99! ತಪ್ಪು ಅಲ್ಲೇ ಕೂತಿರುತ್ತೆ, ಉದ್ದದ ನಿಜವಾದ ಗೀಚಾಟ ಮಾತ್ರ ತಪ್ಪಿಸಿಕೊಳ್ಳುತ್ತೆ.

ಮಾಡಬೇಕಾದ್ದು ಇಷ್ಟೆ. ಸರಿಯಾದ ಮೆಸೇಜುಗಳನ್ನ ಉದ್ದದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಲ್ಲೂ ಎಷ್ಟು ತಪ್ಪಾಗಿ ಸಿಕ್ಕಿಬೀಳ್ತಾವೆ ಅಂತ ಬೇರೆಬೇರೆಯಾಗಿ ಎಣಿಸಿ. ಒಟ್ಟು ನಿಖರತೆ ತೋರಿಸಬೇಡಿ, ಅದರಲ್ಲಿ ಈ ರೋಗ ಅಡಗಿ ಕೂತಿರುತ್ತೆ. ಹೂಂ, ಸರಿ, ಓಕೆ ಥರದವನ್ನ ಪಟ್ಟಿ ಮಾಡಿ ಮೊದಲೇ ಒಳಗೆ ಬಿಡಿ. ಉಳಿದ ಗಿಡ್ಡ ಮೆಸೇಜಿಗೆ “ಗೊತ್ತಾಗಲಿಲ್ಲ” ಅನ್ನೋ ಮೂರನೇ ಉತ್ತರ ಇಡಿ, ಹಿಂದಿನ ಪ್ರಶ್ನೆ ಏನಿತ್ತು ನೋಡಿ. “ಬರ್ತೀರಾ?” ಅಂತ ಕೇಳಿದ್ಮೇಲೆ ಬಂದ “ಹ್ಞೂಂ” ಗೀಚಾಟ ಹೇಗಾಗುತ್ತೆ?

“ಹಾಗಾದ್ರೆ ಗಿಡ್ಡ ಗೀಚಾಟ ಒಳಗೆ ನುಗ್ಗುತ್ತಲ್ಲ?” ನುಗ್ಗಲಿ ಬಿಡಿ! ಎರಡಕ್ಷರ ತಾನೆ, ಮನೆ ಮುಳುಗಲ್ಲ. ಒಂದೇ ಗೆರೆ ಬೇಡ ಅಂದ್ರೆ ಬೇಡ, ಅಷ್ಟೆ. ಒಪ್ಪದವರು ಕಾಮೆಂಟಲ್ಲಿ ಬರೀ “ಹ್ಞೂಂ” ಅಂತ ಹಾಕಿ, ಫಿಲ್ಟರ್ ನುಂಗುತ್ತಾ ನೋಡೋಣ.