ಗೇಟಿನ ಬೋರ್ಡು ಲೆಕ್ಕಕ್ಕೆ ಹಿಡಿಯದ್ದು

ಕೇಳುಗರಿಗೆ ನಮಸ್ಕಾರ.

ಯಾವುದೇ ರಾಸಾಯನಿಕ ಕಾರ್ಖಾನೆಯ ಗೇಟು ದಾಟಿದರೆ ಸಾಮಾನ್ಯವಾಗಿ ಒಂದು ಬೋರ್ಡು ಕಾಣುತ್ತದೆ. ಕೊನೆಯ ಸಲ ಗಾಯವಾಗಿ ಎಷ್ಟು ದಿನ ಕಳೆಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ನಾನು ಬಹಳ ವರ್ಷ ಅಂಥ ಬೋರ್ಡಿನ ಪಕ್ಕದಲ್ಲೇ ಕೆಲಸಕ್ಕೆ ಹೋಗಿ ಬಂದವನು. ಸಂಖ್ಯೆ ನಾಲ್ಕಂಕಿ ಮುಟ್ಟಿದ ದಿನ ಸಿಹಿ ಹಂಚಿದ್ದೂ ಉಂಟು, ನಾನೂ ತಿಂದಿದ್ದೇನೆ. ಆ ಬೋರ್ಡಿನಲ್ಲಿರುವುದು ಸುಳ್ಳಲ್ಲ. ಆದರೆ ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ನಾವು ಮರೆತುಬಿಡುತ್ತೇವೆ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ಬಿ.ಪಿ. ಕಂಪನಿಯ ತೈಲ ಶುದ್ಧೀಕರಣಾಗಾರ. ಅಲ್ಲಿ ಹಗುರ ಮತ್ತು ಭಾರದ ಹೈಡ್ರೋಕಾರ್ಬನ್‌ಗಳನ್ನು ಕಾಯಿಸಿ ಬೇರ್ಪಡಿಸುವ ಒಂದು ಕಾಲಂ ಇತ್ತು. ಎತ್ತರ ಸುಮಾರು 52 ಮೀಟರ್. ದುರಸ್ತಿಗೆಂದು ನಿಲ್ಲಿಸಿದ್ದ ಆ ಕಾಲಂ ಅನ್ನು ಆ ದಿನ ಮತ್ತೆ ಚಾಲೂ ಮಾಡುತ್ತಿದ್ದರು. ಮಾಮೂಲಿಯಾಗಿ ಕಾಲಂನ ತಳದಲ್ಲಿ ಎರಡು ಮೀಟರಿನಷ್ಟು ದ್ರವ ನಿಂತಿರಬೇಕು. ಉಳಿದದ್ದೆಲ್ಲ ಆವಿಗೆ ಮೀಸಲಾದ ಜಾಗ. ಅದಕ್ಕೆ ತಕ್ಕಂತೆ, ಮಟ್ಟ ತೋರಿಸುವ ಉಪಕರಣವೂ ತಳದ ಎರಡೂ ಮುಕ್ಕಾಲು ಮೀಟರಿನೊಳಗಿನ ಮಟ್ಟವನ್ನಷ್ಟೇ ಅಳೆಯುತ್ತಿತ್ತು. ಅದರ ಮೇಲೆ ಏನಾಗುತ್ತಿದೆ ಎಂದು ನೋಡಲು ಬೇರೆ ಕಣ್ಣು ಇರಲಿಲ್ಲ.

ನಸುಕಿನಲ್ಲಿ ದ್ರವ ತುಂಬಿಸುವಾಗ ಒಂದು ಅಲಾರಂ ಕೂಗಿತು. ಅದಕ್ಕಿಂತ ಸ್ವಲ್ಪ ಮೇಲಿದ್ದ, ಪ್ರತ್ಯೇಕವಾದ ಎರಡನೆಯ ಅಲಾರಂ ಕೂಗಲೇ ಇಲ್ಲ, ಅದು ಕೆಟ್ಟಿತ್ತು. ಬೆಳಿಗ್ಗೆ ಪಾಳಿ ಬದಲಾದ ಮೇಲೆ ದ್ರವ ಮತ್ತೆ ಒಳಗೆ ಬರತೊಡಗಿತು. ಹೊರಗೆ ಹೋಗುವ ವಾಲ್ವ್ ಮಾತ್ರ ಮುಚ್ಚಿಯೇ ಇತ್ತು. ಸುಮಾರು ಮೂರು ಗಂಟೆ ಹೀಗೇ ನಡೆಯಿತು. ಮಧ್ಯಾಹ್ನ ಒಂದರ ಹೊತ್ತಿಗೆ ದ್ರವ ಸುಮಾರು 48 ಮೀಟರ್ ಏರಿತ್ತು ಎಂದು ತನಿಖೆ ಅಂದಾಜಿಸಿತು. ಕಂಟ್ರೋಲ್ ರೂಮಿನ ಪರದೆ ತೋರಿಸುತ್ತಿದ್ದದ್ದು ಮೂರು ಮೀಟರಿಗೂ ಕಡಿಮೆ. ಅದಕ್ಕಿಂತ ವಿಚಿತ್ರವೆಂದರೆ, ಆ ಸಂಖ್ಯೆ ನಿಧಾನವಾಗಿ ಇಳಿಯುತ್ತಿತ್ತು.

ಇಳಿದದ್ದೇಕೆ? ಆ ಉಪಕರಣ ದ್ರವದಲ್ಲಿ ಮುಳುಗಿರುವ ಒಂದು ತೂಕದ ಮೂಲಕ ಮಟ್ಟವನ್ನು ತಿಳಿಯುತ್ತದೆ. ದ್ರವ ಆ ತೂಕವನ್ನು ಎಷ್ಟು ಮೇಲಕ್ಕೆ ಎತ್ತುತ್ತದೋ ಅಷ್ಟು ಮಟ್ಟ ಎಂದು ಲೆಕ್ಕ. ತೂಕ ಪೂರ್ತಿ ಮುಳುಗಿದ ಮೇಲೆ ದ್ರವ ಇನ್ನೆಷ್ಟು ಏರಿದರೂ ಎತ್ತುವ ಬಲ ಹೆಚ್ಚುವುದಿಲ್ಲ. ಆದರೆ ಕುಲುಮೆ ಹೊತ್ತಿಸಿದ್ದರಿಂದ ದ್ರವ ಕಾಯುತ್ತಿತ್ತು. ಕಾದ ದ್ರವ ಹಗುರವಾಗುತ್ತದೆ, ಎತ್ತುವ ಬಲ ಕುಗ್ಗುತ್ತದೆ. ಕಾಲಂ ಕಂಠಮಟ್ಟ ತುಂಬುತ್ತಿದ್ದಾಗ ಪರದೆಯಲ್ಲಿ ಮಟ್ಟ ಇಳಿಯುತ್ತಿರುವಂತೆ ಕಂಡದ್ದು ಇದರಿಂದ. ಪರದೆಯ ಮುಂದೆ ಕೂತವರನ್ನು ದೂರುವುದು ಸುಲಭ. ಆ ಪಾಳಿಯ ಆಪರೇಟರುಗಳು ತಿಂಗಳ ಹತ್ತಿರ ಒಂದು ದಿನವೂ ರಜೆಯಿಲ್ಲದೆ ದಿನಕ್ಕೆ 12 ಗಂಟೆ ದುಡಿದಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು.

ಒಂದು ಗಂಟೆಯ ಆಸುಪಾಸಿನಲ್ಲಿ ಹೊರಹೋಗುವ ವಾಲ್ವ್ ತೆರೆದರು. ಸರಿಯಾದ ಕೆಲಸವೇ, ಆದರೆ ತಡವಾಗಿತ್ತು. ಹೊರಬಂದ ಬಿಸಿ ದ್ರವ, ಒಳಗೆ ಬರುತ್ತಿದ್ದ ತಣ್ಣನೆಯ ದ್ರವವನ್ನು ದಾರಿಯಲ್ಲೇ ಕಾಯಿಸಿತು. ಆ ಘಟಕದ ವಿನ್ಯಾಸವೇ ಹಾಗೆ, ಶಾಖ ಉಳಿಸುವುದಕ್ಕೆ. ಕಾಲಂ ಒಳಗೆ ಕುದಿತ ಜೋರಾಗಿ, ದ್ರವ ಉಬ್ಬಿ, ನೆತ್ತಿಯ ಆವಿ ಕೊಳವೆಗೆ ನುಗ್ಗಿತು. ಕೊಳವೆಯ ಕೆಳಭಾಗದಲ್ಲಿದ್ದ ಮೂರು ರಿಲೀಫ್ ವಾಲ್ವ್‌ಗಳು ಆ ಒತ್ತಡಕ್ಕೆ ತೆರೆದುಕೊಂಡವು. ಅವು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದವು. ಅಲ್ಲಿಂದ ದ್ರವ ಹೋಗಿ ಸೇರಿದ್ದು 1950ರ ದಶಕದ ಒಂದು ಹಳೆಯ ಡ್ರಮ್ಮಿಗೆ. ಆ ಡ್ರಮ್ಮಿನ ಚಿಮಣಿ ನೇರ ಬಯಲಿಗೆ ತೆರೆದಿತ್ತು. ಹೊರಬಂದದ್ದನ್ನು ಸುಟ್ಟುಹಾಕುವ ಫ್ಲೇರ್ ಇರಲಿಲ್ಲ. ಆರು ನಿಮಿಷದಲ್ಲಿ ಡ್ರಮ್ಮು ತುಂಬಿ, ಸುಮಾರು 34 ಮೀಟರ್ ಎತ್ತರದ ಚಿಮಣಿಯ ತುದಿಯಿಂದ ಪೆಟ್ರೋಲಿನಂಥ ದ್ರವ ಕಾರಂಜಿಯಾಗಿ ಚಿಮ್ಮಿತು. ಅದರ ಆವಿ ನೆಲದ ಮೇಲೆ ಹರಡಿತು. ಹತ್ತಿರದಲ್ಲೇ ಇಂಜಿನ್ ಆರಿಸದೆ ನಿಂತಿದ್ದ ಒಂದು ಡೀಸೆಲ್ ಪಿಕಪ್ ವಾಹನದಿಂದ ಬೆಂಕಿ ಹೊತ್ತಿರಬೇಕೆಂದು ತನಿಖೆಯ ಊಹೆ. ಆಗ ಸಮಯ 1 ಗಂಟೆ 20 ನಿಮಿಷ.

15 ಜನ ಸತ್ತರು, 180 ಜನ ಗಾಯಗೊಂಡರು. ಸತ್ತವರೆಲ್ಲರೂ ಗುತ್ತಿಗೆ ಕಂಪನಿಗಳ ನೌಕರರು. ಅವರಿಗೂ ಆ ಕಾಲಂಗೂ ಸಂಬಂಧವಿರಲಿಲ್ಲ. ಬೇರೊಂದು ಘಟಕದ ದುರಸ್ತಿಗೆ ಬಂದವರು. ಅವರಿಗಾಗಿ ಇಟ್ಟಿದ್ದ ತಾತ್ಕಾಲಿಕ ಟ್ರೇಲರ್ ಕಚೇರಿಗಳಲ್ಲಿ ಹತ್ತಿರದ್ದು ಆ ಡ್ರಮ್ಮಿನಿಂದ 37 ಮೀಟರ್ ದೂರದಲ್ಲಿತ್ತು. ಅವರು ಆಗತಾನೇ ಊಟ ಮುಗಿಸಿ ಬಂದಿದ್ದರು. ಒಂದು ತಿಂಗಳು ಯಾರೂ ಗಾಯಗೊಂಡು ಕೆಲಸ ತಪ್ಪಿಸಿಕೊಂಡಿಲ್ಲ ಎಂಬ ಖುಷಿಗೆ ಏರ್ಪಾಡಾಗಿದ್ದ ಊಟ ಅದು.

ಆ ಖುಷಿಯೂ ಸುಳ್ಳಲ್ಲ. 2004ರಲ್ಲಿ ಆ ಕಾರ್ಖಾನೆಯ ಗಾಯದ ದರ ಅದರ ಚರಿತ್ರೆಯಲ್ಲೇ ಅತಿ ಕಡಿಮೆ ಇತ್ತು. ಅದೇ 2004ರಲ್ಲಿ ಅಲ್ಲಿ ಮೂವರು ಸತ್ತಿದ್ದರು. ಈ ಎರಡು ಮಾತು ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ಗಾಯದ ದರವನ್ನು ಲೆಕ್ಕ ಹಾಕುವುದು ಹೀಗೆ: ವರ್ಷದಲ್ಲಿ ದಾಖಲಾದ ಪ್ರಕರಣಗಳನ್ನು 2 ಲಕ್ಷದಿಂದ ಗುಣಿಸಿ, ಎಲ್ಲರೂ ದುಡಿದ ಒಟ್ಟು ಗಂಟೆಗಳಿಂದ ಭಾಗಿಸಬೇಕು. 2 ಲಕ್ಷ ಗಂಟೆ ಎಂದರೆ ನೂರು ಜನರ ಒಂದು ವರ್ಷದ ದುಡಿಮೆ. ಹೊಲಿಗೆ ಹಾಕಿಸಿಕೊಂಡ ಬೆರಳೂ ಇಲ್ಲಿ ಒಂದು ಪ್ರಕರಣ, ಸಾವೂ ಒಂದು ಪ್ರಕರಣ. ಸಾವಿರ ಜನರ ಕಾರ್ಖಾನೆಯಲ್ಲಿ ವರ್ಷಕ್ಕೆ ಹತ್ತು ಬೆರಳು ಕುಯ್ದುಕೊಂಡರೆ ದರ 1. ಒಳ್ಳೆಯ ಕೈಗವಸು ಕೊಟ್ಟು ಅದನ್ನು ಐದಕ್ಕೆ ಇಳಿಸಿ, ಅದೇ ವರ್ಷ ಮೂವರು ಸತ್ತರೂ ದರ 0.8. ಬೋರ್ಡಿನ ಪ್ರಕಾರ ಸುಧಾರಣೆ.

ಕೈಗವಸು, ಹೆಲ್ಮೆಟ್, ಮೆಟ್ಟಿಲ ಕಂಬಿ, ಎತ್ತರದಲ್ಲಿ ಕಟ್ಟಿಕೊಳ್ಳುವ ಬೆಲ್ಟು, ಇವೆಲ್ಲ ವೈಯಕ್ತಿಕ ಸುರಕ್ಷತೆಯ ವಿಷಯ. ಪ್ರಕ್ರಿಯಾ ಸುರಕ್ಷತೆಯ ವಿಷಯ ಬೇರೆ: ಪಾತ್ರೆ, ಕೊಳವೆಗಳೊಳಗಿನ ಪದಾರ್ಥ ಒಳಗೇ ಇರುವಂತೆ ನೋಡಿಕೊಳ್ಳುವುದು. ಸಣ್ಣ ಗಾಯಗಳನ್ನು ಕಡಿಮೆ ಮಾಡಿದರೆ ದೊಡ್ಡ ಅಪಘಾತವೂ ತಾನಾಗಿ ಕಡಿಮೆಯಾಗುತ್ತದೆ ಎಂದು ತಳದಲ್ಲಿ ಸಣ್ಣ ಗಾಯಗಳು, ತುದಿಯಲ್ಲಿ ಸಾವು ಇರುವ ಪಿರಮಿಡ್ಡಿನ ಚಿತ್ರ ಬರೆದು ಬಹುಕಾಲ ಪಾಠ ಹೇಳಿದ್ದಾರೆ. ನನಗೂ ಅದೇ ಪಾಠ ಆಗಿತ್ತು. ಮೆಟ್ಟಿಲಿನಿಂದ ಜಾರುವುದನ್ನು ತಪ್ಪಿಸಿದರೆ ಮೆಟ್ಟಿಲಿನಿಂದ ಬಿದ್ದು ಸಾಯುವುದೂ ತಪ್ಪುತ್ತದೆ, ಅದು ಸರಿ. ಆದರೆ ಕಾಲಂ ತುಂಬಿ ಹರಿಯುವುದಕ್ಕೂ ಮೆಟ್ಟಿಲಿಗೂ ಏನು ಸಂಬಂಧ?

ಟೆಕ್ಸಾಸ್ ಸಿಟಿಯ ಆ ಕಾಲಂಗೂ ಒಂದು ಪಿರಮಿಡ್ಡು ಇತ್ತು, ಯಾರೂ ಅದನ್ನು ಬರೆದಿಡಲಿಲ್ಲ ಅಷ್ಟೆ. ಹಿಂದಿನ ಐದು ವರ್ಷಗಳಲ್ಲಿ ಅದನ್ನು ಹಲವು ಸಲ ಚಾಲೂ ಮಾಡಿದ್ದರು. ಬಹುಪಾಲು ಸಲ ಮಟ್ಟವೋ ಒತ್ತಡವೋ ಮಿತಿ ಮೀರಿತ್ತು. ಕೆಲವು ಸಲ ರಿಲೀಫ್ ವಾಲ್ವ್ ತೆರೆದಿರುವ ಸಾಧ್ಯತೆಯೂ ಇತ್ತು. ತನಿಖೆ ಆಗಲಿಲ್ಲ, ಏಕೆಂದರೆ ಯಾರಿಗೂ ಗಾಯ ಆಗಿರಲಿಲ್ಲ. ಆ ಚಿಮಣಿಯಿಂದಲೂ ಹಿಂದಿನ ಹತ್ತು ವರ್ಷಗಳಲ್ಲಿ ಎಂಟು ಸಲ ಗಂಭೀರವಾದ ಸೋರಿಕೆಗಳಾಗಿದ್ದವು. ಇವೆಲ್ಲ ಆ ಪಿರಮಿಡ್ಡಿನ ತಳದ ಕಲ್ಲುಗಳು. ಗಾಯದ ರಿಜಿಸ್ಟರಿನಲ್ಲಿ ಅವಕ್ಕೆ ಜಾಗವೇ ಇಲ್ಲ. ತಳದ ಎರಡೂ ಮುಕ್ಕಾಲು ಮೀಟರ್ ಮಾತ್ರ ಕಾಣುವ ಆ ಉಪಕರಣದ ಹಾಗೆ, ಗಾಯದ ದರವೂ ತನ್ನ ವ್ಯಾಪ್ತಿಯ ಮೇಲಿನದನ್ನು ತೋರಿಸದೆ ಇಳಿಯುತ್ತಾ ಹೋಗಿತ್ತು.

ಇದು ಎಷ್ಟು ಸದ್ದಿಲ್ಲದೆ ನಡೆಯುತ್ತದೆ ಎನ್ನುವುದಕ್ಕೆ ಒಂದು ಕಾಲ್ಪನಿಕ ಲೆಕ್ಕ. ಒಂದು ಟ್ಯಾಂಕಿಗೆ, ಮಟ್ಟ ಮಿತಿ ಮೀರಿದರೆ ಪಂಪು ನಿಲ್ಲಿಸುವ ಟ್ರಿಪ್ ಇದೆ ಎನ್ನಿ. ಅದು ಸರಾಸರಿ 20 ವರ್ಷಕ್ಕೊಮ್ಮೆ ಒಳಗೊಳಗೇ ಕೆಡುತ್ತದೆ. ಕೆಟ್ಟದ್ದು ಪರೀಕ್ಷೆ ಮಾಡಿದಾಗಲಷ್ಟೇ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಪರೀಕ್ಷಿಸಿದರೆ, ಕೆಟ್ಟ ಟ್ರಿಪ್ ಸರಾಸರಿ ಆರು ತಿಂಗಳು ಗೊತ್ತಾಗದೆ ಉಳಿದೀತು. ಅಂದರೆ ಯಾವುದೇ ಒಂದು ದಿನ ಅದು ಸತ್ತಿರುವ ಸಂಭವ 40ರಲ್ಲಿ ಒಂದು. ಎರಡು ವರ್ಷಕ್ಕೊಮ್ಮೆ ಮಟ್ಟ ಏರಿ ಆ ಟ್ರಿಪ್ ಬೇಕಾಗುತ್ತದೆ ಎಂದಿಟ್ಟುಕೊಂಡರೆ, ಟ್ಯಾಂಕು ಉಕ್ಕುವುದು 80 ವರ್ಷಕ್ಕೊಮ್ಮೆ. ಈಗ ಉತ್ಪಾದನೆಯ ಒತ್ತಡದಲ್ಲಿ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾ ಎಂಟು ವರ್ಷಕ್ಕೊಮ್ಮೆ ಮಾಡಿದರೆ? ಸತ್ತಿರುವ ಸಂಭವ ಸುಮಾರು ಐದರಲ್ಲಿ ಒಂದಾಗುತ್ತದೆ, ಉಕ್ಕುವುದು ಸುಮಾರು 10 ವರ್ಷಕ್ಕೊಮ್ಮೆ. ಅಪಾಯ ಎಂಟು ಪಟ್ಟು ಹೆಚ್ಚಾಯಿತು. ಈ ನಡುವೆ ಒಂದು ಬೆರಳಿಗೂ ಗಾಯವಾಗಿಲ್ಲ. ಪರೀಕ್ಷೆಗೆಂದು ಯಾರೂ ಏಣಿ ಹತ್ತದ ಕಾರಣ ಗಾಯದ ದರ ಒಂದಿಷ್ಟು ಇಳಿದಿದ್ದರೂ ಆಶ್ಚರ್ಯವಿಲ್ಲ.

ಟೆಕ್ಸಾಸ್ ಸಿಟಿಯ ನಂತರ, 2010ರಲ್ಲಿ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಪ್ರಕ್ರಿಯಾ ಸುರಕ್ಷತೆಯನ್ನೇ ಅಳೆಯಲು ನಾಲ್ಕು ಹಂತದ ಒಂದು ಪದ್ಧತಿ ತಂದಿತು. ಮೇಲಿನ ಎರಡು ಹಂತ, ನಡೆದುಹೋದ ದೊಡ್ಡ ಮತ್ತು ಸಣ್ಣ ಸೋರಿಕೆಗಳ ಲೆಕ್ಕ. ಮೂರನೆಯದು ಸುರಕ್ಷಾ ವ್ಯವಸ್ಥೆಯನ್ನು ತಟ್ಟಿ ಹೋದ ಸಂದರ್ಭಗಳು: ಮಿತಿ ಮೀರಿದ ಒತ್ತಡ, ರಿಲೀಫ್ ವಾಲ್ವ್ ಮೇಲೆ ಬಿದ್ದ ಕೆಲಸ, ತಪಾಸಣೆಯಲ್ಲಿ ಕಂಡ, ಸವೆದು ತೆಳುವಾದ ಕೊಳವೆ. ನಾಲ್ಕನೆಯದು ದಿನನಿತ್ಯದ ಶಿಸ್ತು, ಮುಖ್ಯವಾಗಿ ಗಡುವು ಮೀರಿದ ಪರೀಕ್ಷೆಗಳೆಷ್ಟು ಎಂಬುದು. ದೊಡ್ಡ ಸೋರಿಕೆಗಳು ಒಂದು ಕಾರ್ಖಾನೆಯಲ್ಲಿ ಅಪರೂಪ, ಅವನ್ನು ಎಣಿಸಿ ಈ ವರ್ಷ ಹೇಗಿದ್ದೇವೆ ಎಂದು ಹೇಳಲಾಗದು. ನನ್ನ ಅನುಭವದಲ್ಲಿ ನಿಜವಾದ ಸುದ್ದಿ ಇರುವುದು ಕೆಳಗಿನ ಎರಡು ಹಂತಗಳಲ್ಲಿ.

ಅಲ್ಲೂ ಆಟ ಆಡುವವರಿದ್ದಾರೆ. ನಾನಿದ್ದ ಒಂದು ಕಡೆ, ಗಡುವು ಮೀರಿದ ಪರೀಕ್ಷೆಗಳು ತಿಂಗಳ ವರದಿಯಲ್ಲಿ ಒಮ್ಮೆಗೇ ಸೊನ್ನೆಯಾದವು. ಭೇಷ್ ಎನ್ನುವಷ್ಟರಲ್ಲಿ ಗೊತ್ತಾಯಿತು, ಪರೀಕ್ಷೆಗಳು ಆಗಿರಲಿಲ್ಲ, ಅನುಮತಿ ಪಡೆದು ಗಡುವುಗಳನ್ನೇ ಮುಂದಿನ ವರ್ಷಕ್ಕೆ ಬದಲಿಸಿದ್ದರು. ಆಮೇಲಿಂದ ನಾನು ಯಾವ ಕಾರ್ಖಾನೆಗೆ ಹೋದರೂ ಮೊದಲು ಕೇಳುವುದು ಮುಂದೂಡಿಕೆಗಳ ಪಟ್ಟಿ: ಯಾವ ಟ್ರಿಪ್, ಎಷ್ಟನೆಯ ಸಲ ಮುಂದಕ್ಕೆ ಹೋಯಿತು, ಸಹಿ ಯಾರದು. ಪಟ್ಟಿ ಹತ್ತು ನಿಮಿಷದಲ್ಲಿ ಕೈಗೆ ಬಂದರೆ ಅದೊಂದು ಬಗೆಯ ಉತ್ತರ. ಅಂಥ ಪಟ್ಟಿ ಇಟ್ಟಿಲ್ಲ ಸಾರ್ ಎಂದರೆ ಅದು ಇನ್ನೊಂದು.

ನಮಸ್ಕಾರ.