ನೀತಿ ಸಂಹಿತೆಗೆ ನೆಂಟರ ಪಟ್ಟಿಯಷ್ಟೇ ಸಾಲದು

ಕೇಳುಗರೆಲ್ಲರಿಗೂ ನಮಸ್ಕಾರ. ನೌಕರರ ನೀತಿ ಸಂಹಿತೆಯಲ್ಲಿ ‘ಹಿತಾಸಕ್ತಿ ಸಂಘರ್ಷ’ ಎಂಬ ಭಾಗವನ್ನು ಹೇಗೆ ಬರೆಯಬೇಕು ಎಂಬುದು ಇಂದಿನ ವಿಷಯ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸಹಕಾರಿ ಸಂಘಗಳ ಕಾರ್ಯದರ್ಶಿಗಳು, ಕಾರವಾರ, ಅಂಕೋಲಾ ಕಡೆಯ ಸಣ್ಣ ಉದ್ಯಮಗಳನ್ನು ನಡೆಸುವವರು ಕೇಳುತ್ತಿದ್ದೀರಿ ಎಂದು ಭಾವಿಸಿಕೊಂಡು ಮಾತನಾಡುತ್ತೇನೆ.

ಸಂಸ್ಥೆಯ ಪರವಾಗಿ ನೌಕರನು ಮಾಡಬೇಕಾದ ಒಂದು ನಿರ್ಧಾರದಿಂದ ಅವನಿಗೋ ಅವನಿಗೆ ಬೇಕಾದವರಿಗೋ ಲಾಭ ಅಥವಾ ನಷ್ಟವಾಗುವಂತಿದ್ದರೆ ಅದು ಹಿತಾಸಕ್ತಿ ಸಂಘರ್ಷ. ಅವನು ಹಣ ಪಡೆದಿರಬೇಕೆಂದಿಲ್ಲ, ತಪ್ಪು ಮಾಡಿರಬೇಕೆಂದೂ ಇಲ್ಲ. ಈ ವಿವರಣೆಯಲ್ಲಿ ತೂಕವಿರುವ ಪದ ‘ನಿರ್ಧಾರ’. ನೀತಿ ಸಂಹಿತೆ ಬರೆಯುವವರು ಸಂಬಂಧಗಳ ಪಟ್ಟಿಯನ್ನು ಉದ್ದವಾಗಿ ಬರೆದು ನಿರ್ಧಾರವನ್ನು ಬರೆಯುವುದನ್ನೇ ಬಿಡುತ್ತಾರೆ. ದಯವಿಟ್ಟು ನಿರ್ಧಾರವನ್ನು ಬರೆಯಿರಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಾದ ಪ್ರಸಂಗವೊಂದಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಘಟ್ಟದ ಮೇಲಿನ ಒಂದು ಸಂಘಕ್ಕೆ ನಾನು ನೀತಿ ಸಂಹಿತೆಯನ್ನು ಬರೆದುಕೊಟ್ಟೆ. ಸದಸ್ಯರು ತಂದ ಅಡಿಕೆಯನ್ನು ಸಂಘವೇ ನೇರವಾಗಿ ಕೊಳ್ಳುವ ವ್ಯವಸ್ಥೆ ಅಲ್ಲಿತ್ತು. ನಗರದ ಕಂಪನಿಗಳಿಗೆ ನಾನು ಬರೆದಿದ್ದ ಮಾದರಿಯನ್ನೇ ತುಸು ತಿದ್ದಿದ್ದೆ. ‘ಪ್ರತಿಸ್ಪರ್ಧಿ ಕಂಪನಿಯಲ್ಲಿ ಷೇರು ಹೊಂದಿರುವುದು’, ‘ಹೊರಗಿನ ಸಂಸ್ಥೆಗೆ ಸಲಹೆಗಾರರಾಗಿರುವುದು’ ಎಂಬ ಉದಾಹರಣೆಗಳಿದ್ದವು. ‘ಸಂಬಂಧಿ’ ಎಂದರೆ ಯಾರು ಎಂಬುದನ್ನು 2013ರ ಕಂಪನಿ ಕಾಯ್ದೆ ಮತ್ತು ಅದರಡಿ ಬಂದ 2014ರ ನಿಯಮಗಳಿಂದ ಎತ್ತಿಕೊಂಡಿದ್ದೆ. ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು, ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಸಹೋದರ, ಸಹೋದರಿ ಆ ಪಟ್ಟಿಯಲ್ಲಿದ್ದಾರೆ. ನೌಕರರೆಲ್ಲ ಓದಿ ಸಹಿ ಹಾಕಿದರು.

ಆ ವರ್ಷದ ಸುಗ್ಗಿಯಲ್ಲಿ ದರ್ಜೆ ನಿರ್ಧರಿಸುವ ನೌಕರರೊಬ್ಬರ ಮುಂದೆ ಅವರ ಹೆಂಡತಿಯ ಅಣ್ಣನ ಹನ್ನೆರಡು ಚೀಲ ಅಡಿಕೆ ಬಂತು. ಎಷ್ಟು ಚಾಲಿ, ಎಷ್ಟು ಬಿಳೆಗೋಟು, ಎಷ್ಟು ಕೋಕಾ ಎಂದು ಹೇಳುವವರು ಅವರೇ, ತೇವಾಂಶಕ್ಕಾಗಿ ಎಷ್ಟು ಕಡಿತ ಎಂದು ಬರೆಯುವವರೂ ಅವರೇ. ಎರಡು ದರ್ಜೆಗಳ ನಡುವೆ ಕ್ವಿಂಟಾಲಿಗೆ ಎರಡು ಸಾವಿರ ರೂಪಾಯಿ ಅಂತರವಿದೆ ಎಂದಿಟ್ಟುಕೊಂಡರೂ ನಾಲ್ಕು ಕ್ವಿಂಟಾಲಿನ ದರ್ಜೆ ಬದಲಾದರೆ ಎಂಟು ಸಾವಿರ ರೂಪಾಯಿ ಆ ಕಡೆಗೋ ಈ ಕಡೆಗೋ ಸರಿಯುತ್ತದೆ. ಅವರು ದರ್ಜೆ ಬರೆದರು, ಹಣ ಪಾವತಿಯಾಯಿತು. ವಾರದೊಳಗೆ ಇನ್ನೊಬ್ಬ ಸದಸ್ಯರು, “ನನ್ನ ಅಡಿಕೆಗೆ ಕೋಕಾ, ಅವರ ಭಾವನ ಅಡಿಕೆಗೆ ಚಾಲಿಯೇ?” ಎಂದು ದೂರು ಕೊಟ್ಟರು.

ನನ್ನನ್ನು ಕರೆಸಿದರು. ಆ ನೌಕರರು ನನ್ನ ದಸ್ತಾವೇಜನ್ನೇ ಕೈಯಲ್ಲಿ ಹಿಡಿದು ಬಂದು, “ಇದರಲ್ಲಿ ಭಾವ ಎಲ್ಲಿದ್ದಾರೆ, ತೋರಿಸಿ” ಎಂದು ಕೇಳಿದರು. ಅವರ ಮಾತು ಸರಿಯಾಗಿತ್ತು. ಹೆಂಡತಿಯ ಅಣ್ಣನಾಗಲಿ, ಹೆಂಡತಿಯ ತಂದೆಯಾಗಲಿ, ಸೋದರಮಾವನಾಗಲಿ ಕಾಯ್ದೆಯ ಆ ಪಟ್ಟಿಯಲ್ಲಿ ಇಲ್ಲ. ಷೇರಿನ ಉದಾಹರಣೆಯನ್ನು ಓದಿ, ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ತಿಳಿದಿದ್ದರು. ಅಡಿಕೆ ಇನ್ನೂ ಗೋದಾಮಿನಲ್ಲೇ ಇದ್ದುದರಿಂದ ಬೇರೆಯವರಿಂದ ನೋಡಿಸಿದೆವು, ಬರೆದ ದರ್ಜೆ ಸರಿಯಾಗಿಯೇ ಇತ್ತು. ಆದರೂ ದೂರು ಕೊಟ್ಟವರು ನಂಬಲಿಲ್ಲ. ದರ್ಜೆ ಬರೆದ ದಿನವೇ ಬೇರೆಯವರು ನೋಡಿದ್ದರೆ ಇದ್ದ ಸಾಕ್ಷ್ಯವು ವಾರ ಕಳೆದ ಮೇಲೆ ಸಿಗುವುದಿಲ್ಲ. ಇಪ್ಪತ್ತು ವರ್ಷ ದುಡಿದ ಆ ಮನುಷ್ಯರು ಆ ಸುಗ್ಗಿ ಪೂರ್ತಿ ತಲೆ ತಗ್ಗಿಸಿಕೊಂಡು ಓಡಾಡಿದರು. ಅದಕ್ಕೆ ನಾನು ಬರೆದ ಆ ಎರಡು ಪುಟಗಳು ಕಾರಣ ಎಂಬುದನ್ನು ನಾನು ಮರೆತಿಲ್ಲ.

ಎರಡನೆಯ ಸಲ ಬರೆಯುವ ಮೊದಲು ಮೂರು ದಿನ ಖರೀದಿ ಅಂಗಳದಲ್ಲಿ ಕುಳಿತೆ. ಪ್ರತಿಯೊಬ್ಬ ನೌಕರರಿಗೂ ಕೇಳಿದ ಪ್ರಶ್ನೆ ಒಂದೇ: ನೀವು ಬರೆಯುವ ಅಥವಾ ಹೇಳುವ ಯಾವ ಮಾತಿನಿಂದ ಇನ್ನೊಬ್ಬರ ಹಣ ಹೆಚ್ಚು ಕಡಿಮೆಯಾಗುತ್ತದೆ? ದರ್ಜೆ, ತೂಕ, ತೇವಾಂಶದ ಕಡಿತ, ಮುಂಗಡ ಸಾಲದ ಶಿಫಾರಸು, ಲಾರಿ ಬಾಡಿಗೆ, ಚೀಲಗಳ ಖರೀದಿ, ಯಾರ ಮಾಲು ಮೊದಲು ಇಳಿಯಬೇಕು ಎಂಬ ಸರದಿ ಹೀಗೆ ಏಳು ನಿರ್ಧಾರಗಳು ಬಂದವು. ಒಂದೊಂದಕ್ಕೂ ಒಂದು ಉದಾಹರಣೆ ಬರೆದೆ. ಮೊದಲನೆಯದನ್ನು ಓದುತ್ತೇನೆ.

“ನೀವು ಅಡಿಕೆಯ ದರ್ಜೆ ನಿರ್ಧರಿಸುತ್ತೀರಿ. ನಿಮ್ಮ ಹೆಂಡತಿಯ ಅಥವಾ ಗಂಡನ ಅಣ್ಣ ಅಡಿಕೆ ತಂದಿದ್ದಾರೆ. ಚೀಲ ಬಿಚ್ಚುವ ಮೊದಲೇ ಮೇಲ್ವಿಚಾರಕರಿಗೆ ತಿಳಿಸಿ, ರಿಜಿಸ್ಟರಿನಲ್ಲಿ ದಿನಾಂಕ ಹಾಕಿ ಬರೆಯಿರಿ, ಆ ಚೀಲಗಳನ್ನು ಬೇರೆಯವರು ನೋಡಲಿ. ತೋಟದಲ್ಲಿ ನಿಮ್ಮೊಂದಿಗೆ ಪಾಲು ಇರುವವರ, ನಿಮಗೆ ಸಾಲ ಕೊಟ್ಟವರ ಮಾಲು ಬಂದರೂ ಇದೇ ಕ್ರಮ. ತಂದವರು ನಿಮ್ಮ ಊರಿನವರು, ಪರಿಚಯದವರು ಎಂಬುದಷ್ಟೇ ಆಗಿದ್ದರೆ ತಿಳಿಸಬೇಕಾಗಿಲ್ಲ.”

ಕೊನೆಯ ವಾಕ್ಯವನ್ನು ಗಮನಿಸಿ. ನಮ್ಮ ಸೀಮೆಯಲ್ಲಿ ಎಳೆದರೆ ಎಲ್ಲರೂ ನೆಂಟರೇ. ಎಲ್ಲಿಯವರೆಗೆ ತಿಳಿಸಬೇಕು ಎಂದು ಹೇಳುವಷ್ಟೇ ಸ್ಪಷ್ಟವಾಗಿ ಎಲ್ಲಿಂದ ಮುಂದೆ ತಿಳಿಸಬೇಕಾಗಿಲ್ಲ ಎಂದೂ ಹೇಳದಿದ್ದರೆ, ಮೊದಲ ತಿಂಗಳು ರಿಜಿಸ್ಟರು ತುಂಬುತ್ತದೆ, ಎರಡನೆಯ ತಿಂಗಳಿನಿಂದ ಅದನ್ನು ಯಾರೂ ಮುಟ್ಟುವುದಿಲ್ಲ.

ಬರೆದದ್ದನ್ನು ತೂಕದವರಿಗೆ, ಹಮಾಲರಿಗೆ ಓದಿ ಹೇಳಿದೆ. “ಹೌದು, ನಮ್ಮಲ್ಲಿ ಹೀಗೇ ಆಗುತ್ತದೆ” ಎಂದರೆ ಉದಾಹರಣೆ ಸರಿಯಾಗಿದೆ. “ಓ, ಇದು ಇಂಥವರ ಕಥೆ” ಎಂದು ಒಬ್ಬರತ್ತ ನೋಡಿದರೆ ಕೆಟ್ಟಿದೆ, ಏಕೆಂದರೆ ಅದು ಆರೋಪವಾಗುತ್ತದೆ. ಆಗ ಸಂಬಂಧವನ್ನೋ ಮಾಲನ್ನೋ ಬದಲಿಸಿ, ನಿರ್ಧಾರವನ್ನು ಮಾತ್ರ ಹಾಗೆಯೇ ಉಳಿಸಿ.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕರಾವಳಿಯವರು ಅಡಿಕೆಯ ಜಾಗದಲ್ಲಿ ಮೀನನ್ನು ಇಟ್ಟುಕೊಳ್ಳಿ. ಯಾವ ಘಟಕದಿಂದ ಮಂಜುಗಡ್ಡೆ ಕೊಳ್ಳಬೇಕು ಎಂದು ಹೇಳುವ ನೌಕರರಿಗೆ ಆ ಘಟಕದಲ್ಲಿ ಪಾಲಿದೆಯೇ? ಸಿಗಡಿಯ ಗಾತ್ರ ನೋಡಿ ದರ ಬರೆಯುವವರ ಮನೆಯವರದೇ ದೋಣಿಯೇ? ಅಲ್ಲಿಯೂ ನಿರ್ಧಾರವನ್ನೇ ಬರೆಯಿರಿ. ಆಡಳಿತ ಮಂಡಳಿಯವರನ್ನೂ ಬಿಡಬೇಡಿ. ಕಂಪನಿಯ ನಿರ್ದೇಶಕರು ಪ್ರತಿ ಆರ್ಥಿಕ ವರ್ಷದ ಮೊದಲ ಸಭೆಯಲ್ಲಿ ತಮ್ಮ ಹಿತಾಸಕ್ತಿಯನ್ನು ತಿಳಿಸಬೇಕೆಂದು ಕಂಪನಿ ಕಾಯ್ದೆಯ 184ನೇ ಸೆಕ್ಷನ್ ಹೇಳುತ್ತದೆ. ಆದರೆ ಆ ಸೆಕ್ಷನ್ ನಿರ್ದೇಶಕರಿಗಷ್ಟೇ, ಕೌಂಟರಿನಲ್ಲಿ ಕುಳಿತವರಿಗೆ ನೀವು ಬರೆದ ಸಂಹಿತೆಯೇ ದಾರಿ.

ತಿಳಿಸಿದವರಿಗೆ ಅದೇ ದಿನ ಬರಹದಲ್ಲಿ ಉತ್ತರ ಕೊಡಿ, ಸುಗ್ಗಿಯಲ್ಲಿ ಚೀಲಗಳು ಕಾಯುವುದಿಲ್ಲ. ಶಾಖೆಯಲ್ಲಿ ದರ್ಜೆ ನೋಡುವವರು ಒಬ್ಬರೇ ಇದ್ದರೆ ಹತ್ತಿರದ ಶಾಖೆಯವರನ್ನು ಕರೆಸಿ. ಅದೂ ಆಗದಿದ್ದರೆ ಪ್ರತಿ ಚೀಲದಿಂದ ಮಾದರಿ ತೆಗೆದು, ಮಾಲಿನವರ ಮತ್ತು ಇನ್ನೊಬ್ಬ ನೌಕರರ ಸಹಿಯೊಡನೆ ಮೊಹರು ಮಾಡಿ ಇಡಿ.

ಆ ಸಂಘದ ಹೊಸ ರಿಜಿಸ್ಟರಿನಲ್ಲಿ ಮೊದಲು ಬರೆದವರು ಅದೇ ನೌಕರರು. ಭಾವನ ಅಡಿಕೆ ಮರುವರ್ಷ ಬಂದ ದಿನ ಕಾರ್ಯದರ್ಶಿಗಳು ಪಕ್ಕದ ಶಾಖೆಯವರನ್ನು ಕಳುಹಿಸಿದರು. ಭಾವನ ಕೈಗೆ ಹೋದ ರಸೀದಿಯಲ್ಲಿ ಅವರ ಸಹಿಯಿತ್ತು. ನಮಸ್ಕಾರ.