ಪಟ್ಟಿಯಲ್ಲಿ ಬೆಲೆ ಇದೆ, ಅಂಗಡಿಯಲ್ಲಿ ಮಾಲು ಇದೆಯಾ?

ಎಲ್ಲರಿಗೂ ನಮಸ್ಕಾರ. ಒಂದು ಮಿಕ್ಸಿ ಕೊಂಡ ಕಥೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಅಕ್ಕ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಅವರಿಗೆ 750 ವ್ಯಾಟ್‌ನ, ಮೂರು ಜಾರಿನ ಮಿಕ್ಸಿ ಬೇಕಿತ್ತು. ಬೆಲೆ ಹೋಲಿಸುವ ವೆಬ್‌ಸೈಟ್ ತೆಗೆದು ಮಾಡೆಲ್ ನಂಬರ್ ಹಾಕಿದೆವು. ನಂಬರನ್ನು ಪೂರ್ತಿ ಹಾಕಬೇಕು. ಕೊನೆಯ ಒಂದು ಅಕ್ಷರ ಬೇರೆಯಾದರೆ ಜಾರುಗಳ ಲೆಕ್ಕವೇ ಬದಲಾಗಬಹುದು.

ಮೊದಲ ಸಾಲಿನಲ್ಲಿ 3,499 ರೂಪಾಯಿ ಇತ್ತು. "ಮೇಲೆ ಬಂದಿರೋದೇ ಕಮ್ಮಿ ಬೆಲೆ ಅಲ್ವಾ?" ಎಂದರು ಅಕ್ಕ. ಅಲ್ಲ. ಆ ಸಾಲಿನ ಮೂಲೆಯಲ್ಲಿ ಸಣ್ಣ ಬೂದು ಅಕ್ಷರದಲ್ಲಿ Sponsored ಎಂದು ಬರೆದಿತ್ತು. ಅದು ಮಾರುವವರು ದುಡ್ಡು ಕೊಟ್ಟು ಹಿಡಿದ ಜಾಗ. ಕೆಲವು ಕಡೆ Ad ಎಂದಿರುತ್ತದೆ. Price: Low to High ಒತ್ತಿದ ಮೇಲೂ ಇಂಥ ಸಾಲು ಮೇಲೆಯೇ ಕೂತಿರಬಹುದು. ಅದನ್ನು ದಾಟಿ ಅದರ ಕೆಳಗಿನ ಸಾಲಿನಿಂದ ಓದಿ.

ಕೆಳಗೆ 2,699 ಕಂಡಿತು. ಖುಷಿಯಿಂದ ಒತ್ತಿದರೆ Out of stock! ಯಾಕೆ ಹೀಗೆ? ಈ ವೆಬ್‌ಸೈಟ್‌ಗಳ ಹತ್ತಿರ ಮಾಲು ಇರುವುದಿಲ್ಲ. ಮಾರುವವರು ಕಳಿಸುವ ಪಟ್ಟಿಯನ್ನು ಅವು ಆಗಾಗ ತಂದು ತೋರಿಸುತ್ತವೆ. ಬೆಳಿಗ್ಗೆ ಬಂದ ಪಟ್ಟಿಯ ಮಾಲು ಮಧ್ಯಾಹ್ನ ಖಾಲಿಯಾದರೆ, ಮುಂದಿನ ಪಟ್ಟಿ ಬರುವ ತನಕ ಹಳೆಯ ಬೆಲೆಯೇ ನಿಂತಿರುತ್ತದೆ. ಇದು ಬರೀ ತಡ. ಆದರೆ ಕೆಲವರು ಬೇಕಂತಲೇ ಹಾಗೆ ಬಿಡುತ್ತಾರೆ. ಒಳಗೆ ಹೋದವರಿಗೆ "ಇದು ಖಾಲಿ, ಇದನ್ನು ನೋಡಿ" ಎಂದು ದುಬಾರಿ ಮಾಡೆಲ್ ತೋರಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಎರಡು ದಿನ ಬಿಟ್ಟು ಮತ್ತೆ ನೋಡಿ. ಅದೇ ಬೆಲೆ, ಅದೇ ಖಾಲಿ ಅಂದರೆ ಆ ಸಾಲನ್ನು ಲೆಕ್ಕದಿಂದ ಬಿಡಿ. ಕೊಳ್ಳುವವರನ್ನು ದಾರಿ ತಪ್ಪಿಸುವ ಇಂಥ ಆನ್‌ಲೈನ್ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. ಕೇಂದ್ರ ಸರ್ಕಾರದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಈ ಆಟಕ್ಕೂ, ಜಾಹೀರಾತನ್ನು ಜಾಹೀರಾತು ಅಂತ ಗೊತ್ತಾಗದ ಹಾಗೆ ತೋರಿಸುವುದಕ್ಕೂ ತಡೆ ಇದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಇನ್ನು ಉಳಿದದ್ದು ಎರಡು, 2,849 ಮತ್ತು 2,999. ಎರಡನ್ನೂ ಕಾರ್ಟಿಗೆ ಹಾಕಿ, ಅಕ್ಕನ ಮನೆಯ ಪಿನ್‌ಕೋಡ್ ಕೊಟ್ಟು, ದುಡ್ಡು ಕಟ್ಟುವ ಪುಟದ ತನಕ ಹೋದೆವು. ಮೊದಲನೆಯದಕ್ಕೆ ಡೆಲಿವರಿ 180, ಮತ್ತೊಂದು ಶುಲ್ಕ 10 ಸೇರಿ 3,039 ಆಯಿತು. ಎರಡನೆಯದು 2,999ರಲ್ಲೇ ನಿಂತಿತು. ಕಮ್ಮಿ ಅಂತ ಕಂಡದ್ದೇ 40 ರೂಪಾಯಿ ಜಾಸ್ತಿ!

ಈ ಪಟ್ಟಿಯಲ್ಲಿ ನಮ್ಮ ದೇವರಾಜ ಅರಸು ರಸ್ತೆಯ ಅಂಗಡಿಗಳು ಇರಲೇ ಇಲ್ಲ. ಸಂಜೆ ಅಲ್ಲಿಗೂ ಹೋದೆವು. ಅದೇ ಮಾಡೆಲ್‌ಗೆ 3,050 ಹೇಳಿದರು. ಪ್ಲಗ್ ಹಾಕಿ ಓಡಿಸಿ, ಮೂರೂ ಜಾರು ಕೂರಿಸಿ ತೋರಿಸಿದರು. ಅಕ್ಕ 51 ರೂಪಾಯಿ ಹೆಚ್ಚು ಕೊಟ್ಟು ಅಲ್ಲೇ ಕೊಂಡರು.